ಸಣ್ಣ ಹೊಲದ ಸ್ಪ್ರೇ ಡ್ರೋನ್: ಲೆಕ್ಕ ಟ್ಯಾಂಕಿನಿಂದ ಶುರುವಾಗುವುದಿಲ್ಲ

ಪ್ರಶ್ನೆ: ಒಂದೆರಡು ಎಕರೆಯ ಹೊಲಗಳಿಗೆ ಸ್ಪ್ರೇ ಡ್ರೋನ್ ಕಟ್ಟಬೇಕು ಅಂತಿದ್ದೀನಿ. ಎಷ್ಟು ಲೀಟರ್ ಟ್ಯಾಂಕ್, ಯಾವ ನಾಝಲ್, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಇಡಲಿ?

ಎಲ್ಲರೂ ಟ್ಯಾಂಕಿನಿಂದ ಶುರು ಮಾಡುತ್ತಾರೆ. ನಾನು ಕೊನೆಯಿಂದ, ಅಂದರೆ ಡ್ರೋನ್ ಹಾರುವ ಸಾಲುಗಳ ನಡುವಿನ ಅಂತರದಿಂದ ಶುರು ಮಾಡುತ್ತೇನೆ. ಅದು ಗೊತ್ತಾಗದೆ ನಾಝಲ್ ಲೆಕ್ಕ ಹಾಕಲು ಆಗುವುದಿಲ್ಲ.

ಅಂತರವನ್ನು ಅಳೆದೇ ತಿಳಿಯಬೇಕು. ನಾಝಲ್‌ಗಳ ನಡುವಿನ ದೂರ ನೋಡಿ ಊಹಿಸಬೇಡಿ. ರೆಕ್ಕೆಗಳ ಗಾಳಿ ಹನಿಗಳನ್ನು ಕೆಳಕ್ಕೂ ಪಕ್ಕಕ್ಕೂ ತಳ್ಳುತ್ತದೆ, ಎತ್ತರ ಬದಲಾದರೆ ಅದೂ ಬದಲಾಗುತ್ತದೆ. ಟ್ಯಾಂಕಿಗೆ ಬಣ್ಣದ ನೀರು ಹಾಕಿ. ಡ್ರೋನ್ ಹಾರುವ ದಾರಿಗೆ ಅಡ್ಡವಾಗಿ, 10 ಮೀಟರ್ ಉದ್ದಕ್ಕೆ, ಅರ್ಧ ಮೀಟರಿಗೊಂದು ಬಿಳಿ ಕಾಗದ ಇಡಿ. ಟ್ಯಾಂಕ್ ಅರ್ಧ ತುಂಬಿರುವಾಗ, ಬೆಳೆಯ ಮೇಲೆ ಹಾರಿಸುವ ಎತ್ತರದಲ್ಲೇ (2ರಿಂದ 3 ಮೀಟರ್) ಹಾರಿಸಿ. ನಡುವೆ ಹನಿ ದಟ್ಟವಾಗಿರುತ್ತದೆ, ಅಂಚಿಗೆ ಹೋದಂತೆ ತೆಳುವಾಗುತ್ತದೆ. ಎರಡೂ ಕಡೆ ದಟ್ಟಣೆ ಅರ್ಧಕ್ಕೆ ಇಳಿಯುವ ಜಾಗಗಳ ನಡುವಿನ ದೂರವೇ ನಿಮ್ಮ ಸಾಲಿನ ಅಂತರ. ಪಕ್ಕದ ಸಾಲು ಉಳಿದ ಅರ್ಧವನ್ನು ತುಂಬುತ್ತದೆ. ನಿಮಗೆ 4 ಮೀಟರ್ ಬಂತು ಅಂದುಕೊಳ್ಳೋಣ.

ಇನ್ನು ಹರಿವು. ಎಕರೆಗೆ, ಅಂದರೆ ಸುಮಾರು 4,000 ಚದರ ಮೀಟರಿಗೆ, 10 ಲೀಟರ್ ಬೇಕು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋದರೆ ನಿಮಿಷಕ್ಕೆ 4 × 4 × 60, ಅಂದರೆ 960 ಚದರ ಮೀಟರ್ ಮುಗಿಯುತ್ತದೆ. ಹಾಗಾದರೆ ನಿಮಿಷಕ್ಕೆ 2.4 ಲೀಟರ್ ಸುರಿಯಬೇಕು. ನಾಲ್ಕು ನಾಝಲ್ ಇದ್ದರೆ ತಲಾ 0.6. ಹಸಿರು ಬಣ್ಣದ 015 ನಾಝಲ್ 3 ಬಾರ್ ಒತ್ತಡದಲ್ಲಿ 0.59 ಕೊಡುತ್ತದೆ. ಸರಿ ಹೋಯಿತು, ಅಲ್ವಾ?

ಕಾಗದದ ಮೇಲೆ ಮಾತ್ರ. ಸಣ್ಣ ಹೊಲದಲ್ಲಿ ತೊಂದರೆ ಇರುವುದು ಸಾಲಿನ ತುದಿಯಲ್ಲಿ. ಡ್ರೋನ್ ತಿರುಗಲು ನಿಂತು, ಮತ್ತೆ ವೇಗ ಹಿಡಿಯಬೇಕು. ವೇಗ ಸೆಕೆಂಡಿಗೆ 1.5 ಮೀಟರ್‌ನಂತೆ ಏರಿದರೆ, 4 ಮೀಟರ್ ವೇಗ ಮುಟ್ಟಲು 5 ಮೀಟರಿಗಿಂತ ಜಾಸ್ತಿ ದೂರ ಬೇಕು. ನಿಲ್ಲಲೂ ಅಷ್ಟೇ. ಒಂದು ಎಕರೆಯ ಚೌಕ ಹೊಲದ ಒಂದು ಬದಿ 64 ಮೀಟರ್. ಅದರಲ್ಲಿ ಸುಮಾರು ಆರನೇ ಒಂದು ಭಾಗವನ್ನು ಡ್ರೋನ್ ನಿಧಾನವಾಗಿ ದಾಟುತ್ತದೆ. ಪಂಪ್ ಮಾತ್ರ ಒಂದೇ ಸಮ ಸುರಿಯುತ್ತಿದ್ದರೆ ಅಲ್ಲಿ ಔಷಧಿ ಜಾಸ್ತಿಯಾಗುತ್ತದೆ. ಹೊಲದ ಎರಡು ತುದಿಯಲ್ಲಿ ಮಾತ್ರ ಎಲೆ ಸುಟ್ಟಂತೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಪಂಪನ್ನು ವೇಗಕ್ಕೆ ತಕ್ಕಂತೆ ಓಡಿಸಬಹುದು. ಆದರೆ ಅದಕ್ಕೂ ಮಿತಿ ಇದೆ: ಹರಿವು ಅರ್ಧವಾದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. 1 ಬಾರ್‌ಗಿಂತ ಕೆಳಗೆ ಬೀಸಣಿಗೆಯಂಥ ಸಿಂಪಡಣೆ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ, ದಪ್ಪ ಹನಿ ಬೀಳುತ್ತದೆ.

ಅದಕ್ಕೇ ನಾನು ವೇಗವನ್ನು 3 ಮೀಟರಿಗೆ ಇಳಿಸುತ್ತೇನೆ. ಆಗ ಒಟ್ಟು ಹರಿವು 1.8 ಲೀಟರ್, ನಾಝಲ್‌ಗೆ 0.45, ಒತ್ತಡ ಸುಮಾರು 1.75 ಬಾರ್. ವೇಗ ಹಿಡಿಯಲು 3 ಮೀಟರ್ ಸಾಕು. ಸಾಲುಗಳನ್ನು ಎರಡೂ ತುದಿಯಲ್ಲಿ 4 ಮೀಟರ್ ಒಳಗೇ ನಿಲ್ಲಿಸಿ. ಆ ಖಾಲಿ ಪಟ್ಟಿಯ ಮೇಲೆ ಪಂಪ್ ನಿಲ್ಲಿಸಿಕೊಂಡು ತಿರುಗಿ, ಕೊನೆಗೆ ಅದೇ ಪಟ್ಟಿಗಳ ಉದ್ದಕ್ಕೂ ಒಂದೊಂದು ಸಾಲು ಹಾರಿಸಿ. ಪಕ್ಕದ ಹೊಲದ ಮೇಲೆ ಹೋಗುವ ಪ್ರಮೇಯವೂ ಇಲ್ಲ. ಮೊದಲ ಸಾಲು ಬದಿಯಿಂದ 2 ಮೀಟರ್ ಒಳಗಿರಲಿ.

ಡ್ರೋನ್ ಹಾರಿಸಲು ಆರ್ಡುಪೈಲಟ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಹೀಗೆ:

```
SPRAY_ENABLE     1
SPRAY_PUMP_RATE  22
SPRAY_SPEED_MIN  225
```

`SPRAY_PUMP_RATE` ಅಂದರೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಪಂಪ್ ಶೇಕಡ ಎಷ್ಟು ಓಡಬೇಕು ಅಂತ. 22 ಒಂದು ಉದಾಹರಣೆ ಅಷ್ಟೇ. ನಾಝಲ್ ಕೆಳಗೆ ಅಳತೆ ಪಾತ್ರೆ ಹಿಡಿದು, ನಿಮಿಷಕ್ಕೆ ಒಟ್ಟು 1.8 ಲೀಟರ್ ಬರುವ ಪಂಪ್ ಶೇಕಡಾವನ್ನು ಹುಡುಕಿ, ಮೂರರಿಂದ ಭಾಗಿಸಿ. ಯಾವುದಾದರೂ ನಾಝಲ್ ಉಳಿದವಕ್ಕಿಂತ ಶೇ. 10 ಆಚೀಚೆ ಇದ್ದರೆ ತೊಳೆದು ನೋಡಿ, ಆಮೇಲೂ ಹಾಗೇ ಇದ್ದರೆ ಬದಲಿಸಿ. `SPRAY_SPEED_MIN` ಮುಂದಿನ 225 ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಅನ್ನುವ ಲೆಕ್ಕ: ಅದಕ್ಕಿಂತ ನಿಧಾನವಾದರೆ ಪಂಪ್ ನಿಲ್ಲುತ್ತದೆ. ಈ ವೇಗದಲ್ಲಿ ಒತ್ತಡ ಸುಮಾರು 1 ಬಾರ್.

ಈಗ ಟ್ಯಾಂಕ್. ಮೇಲಿನ ಎಕರೆಗೆ ಸಿಂಪಡಿಸುವ ದಾರಿ ಒಟ್ಟು 1,024 ಮೀಟರ್. ಹಾರಾಟ ಸುಮಾರು 5 ನಿಮಿಷ 40 ಸೆಕೆಂಡ್, ತಿರುವುಗಳು ಸೇರಿ 8 ನಿಮಿಷದ ಹತ್ತಿರ, ಔಷಧಿ 10 ಲೀಟರಿಗಿಂತ ಸ್ವಲ್ಪ ಜಾಸ್ತಿ. 10 ಲೀಟರ್ ಟ್ಯಾಂಕ್ ಹೊತ್ತರೆ ಫ್ರೇಮ್, ಬ್ಯಾಟರಿ ಎಲ್ಲಾ ಸೇರಿ 24 ಕೆಜಿ ಆಸುಪಾಸು ಆಗಬಹುದು. ಆರು ಮೋಟಾರ್ ಇದ್ದರೆ ತಲಾ 4 ಕೆಜಿ ಎತ್ತಬೇಕು. ಗರಿಷ್ಠ ಎತ್ತುವ ಶಕ್ತಿ ಅದರ ಎರಡರಷ್ಟು, ಅಂದರೆ 8 ಕೆಜಿ ಇರಲಿ. ಅದೇ ರೆಕ್ಕೆಗಳ ಮೇಲೆ ತೂಕ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ. ಹಾಗಾಗಿ ನಾನಾದರೆ 6 ಲೀಟರ್ ಟ್ಯಾಂಕ್ ಇಟ್ಟು ಎಕರೆಗೆ ಎರಡು ಸಲ ತುಂಬಿಸುತ್ತೇನೆ. ಡ್ರೋನ್ ಹಗುರ, ಬ್ಯಾಟರಿ ಚಿಕ್ಕದು. ಬ್ಯಾಟರಿಯಲ್ಲಿ ಕಾಲು ಭಾಗ ಉಳಿದಿರುವಾಗಲೇ ಇಳಿಸಿ. ಟ್ಯಾಂಕ್ ಒಳಗೆ ಅಡ್ಡ ತಡೆಗಳಿರಲಿ, ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ನೀರು ತುಳುಕಿ ಡ್ರೋನ್ ಓಲಾಡುತ್ತದೆ.

ಗಾಳಿ ಅಡ್ಡ ಬೀಸಿದರೆ ಎಲ್ಲಾ ಸಾಲುಗಳೂ ಒಂದೇ ಕಡೆಗೆ ಸರಿಯುತ್ತವೆ. ಹೊಲದ ನಡುವೆ ಅಷ್ಟೇನೂ ತಿಳಿಯುವುದಿಲ್ಲ. ಗಾಳಿ ಬರುವ ಬದಿಯಲ್ಲಿ ಒಂದು ಪಟ್ಟಿಗೆ ಔಷಧಿ ಬೀಳುವುದೇ ಇಲ್ಲ, ಹೋಗುವ ಬದಿಯಲ್ಲಿ ಔಷಧಿ ಹೊರಗೆ ಬೀಳುತ್ತದೆ. ಗಾಳಿ ಹೋಗುವ ಬದಿಯ ಕೊನೆಯ ಸಾಲನ್ನು ಬಿಟ್ಟು, ಗಾಳಿ ನಿಂತ ಮೇಲೆ ಅದೊಂದನ್ನೇ ಹಾರಿಸಿ.