ಮೈಲುತುತ್ತಿನ ಲೆಕ್ಕ ಆರನೇ ಪುಟದಿಂದ ಶುರುವಾಗಲಿ

"ನಮಸ್ತೆ ಸರ್. ನಾನು ಎಂ.ಕಾಂ. ವಿದ್ಯಾರ್ಥಿನಿ. ಪೆರ್ಲದಲ್ಲಿ ಮಾವನ ಗೊಬ್ಬರದ ಅಂಗಡಿ ಇದೆ. ಅಲ್ಲಿನ ಮೈಲುತುತ್ತಿನ ಲೆಕ್ಕ ಇಟ್ಟುಕೊಂಡು, ಒಮ್ಮೆಗೆ ಎಷ್ಟು ಸರಕು ತರಿಸಿದರೆ ಖರ್ಚು ಕಡಿಮೆ ಎಂದು ಹೇಳುವ ಇಒಕ್ಯು ಸೂತ್ರದ ಬಗ್ಗೆ ಆರು ಪುಟದ ಲೇಖನ ಬರೆದಿದ್ದೇನೆ. ಮಾವ ಓದಿ 'ಇದು ಪರೀಕ್ಷೆಗೆ ಸರಿ, ಅಂಗಡಿಗೆ ಆಗ್ಲಿಕ್ಕಿಲ್ಲ' ಅಂದರು. ಎಲ್ಲಿ ತಪ್ಪಿದೆ ಅಂತ ಮುಲಾಜಿಲ್ಲದೆ ಹೇಳಿ."

ನಮಸ್ತೆ. ನಿಮ್ಮ ಮಾವ ಹೇಳಿದ್ದು ಸರಿ. ಆದರೆ ಅವರಿಗೆ ಬೇಕಾದ ಲೆಕ್ಕವೂ ನಿಮ್ಮ ಲೇಖನದಲ್ಲೇ ಇದೆ, ಕೊನೆಯ ಪುಟದಲ್ಲಿ ಅಡಗಿ ಕುಳಿತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಸೂತ್ರವನ್ನು ವಿಲ್ಸನ್ ಕಂಡುಹಿಡಿದರು ಎಂದಿದ್ದೀರಿ. ಎಷ್ಟೋ ಕಡೆ ಹಾಗೇ ಅಚ್ಚಾಗಿದೆ, ನಿಮ್ಮದೇನೂ ತಪ್ಪಲ್ಲ. ಇದನ್ನು 1913ರಲ್ಲೇ ಪ್ರಕಟಿಸಿದವರು ಫೋರ್ಡ್ ಹ್ಯಾರಿಸ್ ಎಂಬ ಅಮೆರಿಕದ ಎಂಜಿನಿಯರ್. ವಿಲ್ಸನ್ ಬರೆದದ್ದು 1934ರಲ್ಲಿ.

ಈಗ ಎರಡನೇ ಪುಟ. ಅಲ್ಲಿ ಎರಡು ಸಾಲು ಬರೆದು, "ಅವಕಲಿಸಿ ಸೊನ್ನೆಗೆ ಸಮೀಕರಿಸಿದರೆ ಉತ್ತರ ಬರುತ್ತದೆ" ಎಂದು ಮುಂದೆ ಹೋಗಿದ್ದೀರಿ.

```
TC = (D/Q)·S + (Q/2)·H
Q  = √(2DS/H)
```

ಗಣಿತ ಬಲ್ಲವರಿಗೆ ಇದು ಬೇಡ. ಬಾರದವರಿಗೆ ಇದರಿಂದ ಏನೂ ಸಿಗಲಿಲ್ಲ. ನಿಮ್ಮದೇ ಅಂಕಿ ತೆಗೆದುಕೊಳ್ಳೋಣ. ವರ್ಷಕ್ಕೆ 1800 ಕಿಲೋ ಮಾರಾಟ, ಅದು D. ಮಂಗಳೂರಿನಿಂದ ಒಮ್ಮೆ ತರಿಸಲು 400 ರೂಪಾಯಿ, ಅದು S. ಕಿಲೋಗೆ 240 ರೂಪಾಯಿ, ಹಣ ಕಟ್ಟಿಹಾಕಿದ್ದಕ್ಕೆ ನೂರಕ್ಕೆ 15ರಂತೆ ವರ್ಷಕ್ಕೆ 36 ರೂಪಾಯಿ, ಅದು H. ಒಮ್ಮೆಗೆ ತರುವ ಪ್ರಮಾಣ Q, ವರ್ಷದ ಒಟ್ಟು ಖರ್ಚು TC. ಒಮ್ಮೆಗೆ 200 ಕಿಲೋ ತಂದರೆ ಒಂಬತ್ತು ಸಲ ತರಿಸಬೇಕು, ಖರ್ಚು 3600. ಅಂಗಡಿಯಲ್ಲಿ ಸರಾಸರಿ 100 ಕಿಲೋ ಕೂತಿರುತ್ತದೆ, ಅದರ ಖರ್ಚೂ 3600. ಒಮ್ಮೆಗೆ 300 ಕಿಲೋ ತಂದರೆ ಇವು 2400 ಮತ್ತು 5400 ಆಗುತ್ತವೆ.

ಈ ಎರಡು ಖರ್ಚನ್ನು ಗುಣಿಸಿ ನೋಡಿ. 3600ನ್ನು 3600ರಿಂದ, 2400ನ್ನು 5400ರಿಂದ. ಎರಡೂ ಸಲ ಅದೇ ಉತ್ತರ ಬರುತ್ತದೆ. ಯಾಕೆಂದರೆ ಒಂದರಲ್ಲಿ Q ಕೆಳಗಿದೆ, ಇನ್ನೊಂದರಲ್ಲಿ ಮೇಲಿದೆ. ಗುಣಿಸಿದಾಗ ಅದು ಹೊಡೆದುಹೋಗುತ್ತದೆ. ಅಂದರೆ ಪ್ರಶ್ನೆ ಇಷ್ಟೇ: ಎರಡು ಸಂಖ್ಯೆಗಳ ಗುಣಲಬ್ಧ ಬದಲಾಗದು, ಮೊತ್ತ ಯಾವಾಗ ಕಡಿಮೆ? ತೋಟಕ್ಕೆ ಬೇಲಿ ಹಾಕಿಸಿದವರಿಗೆ ಇದು ಗೊತ್ತು. ಒಂದೇ ಅಳತೆಯ ಜಾಗ ಉದ್ದಕ್ಕೆ ಎಳೆದಂತಿದ್ದರೆ ಬೇಲಿ ಜಾಸ್ತಿ ಬೇಕು, ಚೌಕವಾಗಿದ್ದರೆ ಕಡಿಮೆ. ಎರಡು ಖರ್ಚೂ ಸಮವಾಗುವ ಜಾಗವೇ ಆ ಚೌಕ. ಸಮ ಇಟ್ಟು Q ಬಿಡಿಸಿದರೆ ನಿಮ್ಮ ಸೂತ್ರ ಬಂತು. ಅವಕಲನವೇ ಬೇಡ.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ, ನೀವು ಬಿಟ್ಟಿದ್ದೀರಿ. 200ರ ಬದಲು 300 ತಂದಾಗ ಒಟ್ಟು ಖರ್ಚು 7200ರಿಂದ 7800ಕ್ಕೆ ಏರಿತು. ಪ್ರಮಾಣದಲ್ಲಿ ಅರ್ಧದಷ್ಟು ತಪ್ಪಿದರೂ ನಷ್ಟ ನೂರಕ್ಕೆ ಎಂಟು ಚಿಲ್ಲರೆ. ಹಾಗಾಗಿ 400 ರೂಪಾಯಿ ಸರಿಯೋ, 15 ಸರಿಯೋ ಎಂದು ಮೂರನೇ ಪುಟದಲ್ಲಿ ನೀವು ಮಾಡಿದ ಚರ್ಚೆ ಅಷ್ಟು ಉದ್ದ ಬೇಡ. ಅದೇ ಪಿಕಪ್ಪಿನಲ್ಲಿ ಗೊಬ್ಬರವೂ ಬರುತ್ತದಲ್ವಾ? ಆಗ ಬಾಡಿಗೆಯಲ್ಲಿ ಮೈಲುತುತ್ತಿನ ಪಾಲು ಎಷ್ಟು ಅಂತ ಯಾರೂ ಖಚಿತವಾಗಿ ಹೇಳಲಾರರು. ಆ ಪಾಲನ್ನು ನಾಲ್ಕು ಪಟ್ಟು ತಪ್ಪಾಗಿ ಹಿಡಿದರೂ ವರ್ಗಮೂಲದಿಂದಾಗಿ Q ಎರಡೇ ಪಟ್ಟು ತಪ್ಪುತ್ತದೆ. ಖರ್ಚು ಕಾಲುಭಾಗ ಏರುತ್ತದೆ, ಅಷ್ಟೇ.

ಈಗ ಕೊನೆಯ ಪುಟ. ಎಂಟು ಊಹೆಗಳನ್ನು ಪಟ್ಟಿ ಮಾಡಿ, "ವಾಸ್ತವ ಬೇರೆ ಇರುತ್ತದೆ" ಎಂದು ಮುಗಿಸಿದ್ದೀರಿ. ಆ ಪಟ್ಟಿ ತೆಗೆದುಹಾಕಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: "1800 ಕಿಲೋದಲ್ಲಿ 900 ಮೊದಲ ಮದ್ದಿಗೆ ಹದಿನೈದು ದಿನದಲ್ಲಿ, 700 ಜುಲೈಯ ಎರಡನೇ ಮದ್ದಿಗೆ ಹೋಗುತ್ತದೆ." ನಿಮ್ಮ ಲೇಖನ ಇರುವುದೇ ಈ ಸಾಲಿನಲ್ಲಿ.

ಅಡಿಕೆಗೆ ಕೊಳೆರೋಗ ಬರುವುದು ಮಳೆಗಾಲದಲ್ಲಿ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಎಲ್ಲರೂ ಒಟ್ಟಿಗೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಬಿಡುತ್ತಾರೆ. ನಲವತ್ತು, ನಲವತ್ತೈದು ದಿನಕ್ಕೆ ಮತ್ತೊಮ್ಮೆ. ನಿಮ್ಮ ಸೂತ್ರ ಮಾತ್ರ 1800ನ್ನು 365 ದಿನಕ್ಕೆ ಹಂಚಿ ದಿನಕ್ಕೆ ಐದು ಕಿಲೋ ಮಾರುತ್ತಿದೆ. ಆ ಹದಿನೈದು ದಿನದಲ್ಲಿ ಹೋಗುವುದು ದಿನಕ್ಕೆ 60 ಕಿಲೋ. 200 ಕಿಲೋ ನಾಲ್ಕನೇ ದಿನಕ್ಕೆ ಖಾಲಿ.

ಅದೇ ಸೂತ್ರಕ್ಕೆ ದಿನಕ್ಕೆ 60 ಕಿಲೋ ಮತ್ತು ಕಿಲೋ ಇಟ್ಟುಕೊಳ್ಳಲು ದಿನಕ್ಕೆ 10 ಪೈಸೆ ಎಂದು ಹಾಕಿದರೆ ಉತ್ತರ ಸುಮಾರು 700 ಕಿಲೋ. ಉಳಿದ ಹತ್ತು ತಿಂಗಳ 200 ಕಿಲೋಗೆ ಹಾಕಿದರೆ 75 ಕಿಲೋ ಕೂಡ ಬರುವುದಿಲ್ಲ. ನೀವು ದಪ್ಪ ಅಕ್ಷರದಲ್ಲಿ ಹಾಕಿದ 200 ಕಿಲೋ ಎಂಬುದು ವರ್ಷದ ಯಾವ ದಿನಕ್ಕೂ ಸರಿಯಾದ ಉತ್ತರವಲ್ಲ. ಬಾಡಿಗೆಯ ಅಂಕಿ ತಪ್ಪಿದರೆ ಸೂತ್ರ ತಡೆದುಕೊಳ್ಳುತ್ತದೆ, ಬೇಡಿಕೆಯ ಆಕಾರವೇ ತಪ್ಪಿದರೆ ತಡೆದುಕೊಳ್ಳುವುದಿಲ್ಲ. ಮಾವನಿಗೆ ಕಿರಿಕಿರಿ ಆದದ್ದು ಇಲ್ಲೇ ಇರಬೇಕು.

ಹಾಗಾದರೆ 700 ತಂದರೆ ಮುಗಿಯಿತೇ? ಇಲ್ಲ. ದಿನಕ್ಕೆ 60 ಎನ್ನುವುದೂ ಸರಾಸರಿಯೇ. ಮಳೆ ಬೇಗ ಬಂದರೆ, ಬಿಸಿಲು ಕಂಡ ಎರಡು ದಿನದಲ್ಲೇ ಎಲ್ಲರೂ ಅಂಗಡಿಗೆ ನುಗ್ಗುತ್ತಾರೆ. ಸ್ಟಾಕ್ ಇಲ್ಲ ಅಂದರೆ ಯಾರೂ ಕಾಯುವುದಿಲ್ಲ, ಬದಿಯಡ್ಕಕ್ಕೆ ಬೈಕ್ ತಿರುಗಿಸುತ್ತಾರೆ. ಒಂದು ವರ್ಷ ನಾನೂ ಹೀಗೇ ಮೂರು ಅಂಗಡಿ ಸುತ್ತಿದ್ದೇನೆ. ಮೊದಲಿನ ಅಂಗಡಿಗೆ ಆ ಸೀಸನ್ ಮತ್ತೆ ಹೋಗಲಿಲ್ಲ. ಈ ನಷ್ಟಕ್ಕೆ ನಿಮ್ಮ ಸೂತ್ರದಲ್ಲಿ ಜಾಗವೇ ಇಲ್ಲ.

ಅದನ್ನು ಸೇರಿಸಿ ನೋಡಿ. ಕಿಲೋಗೆ ಎಷ್ಟು ಲಾಭ ಎಂದು ನೀವು ಬರೆದಿಲ್ಲ, 20 ರೂಪಾಯಿ ಎಂದಿಟ್ಟುಕೊಳ್ಳೋಣ. ಮೇಯಲ್ಲಿ ಒಂದು ಕಿಲೋ ಕಡಿಮೆ ಬಿದ್ದರೆ ಹೋಗುವುದು 20. ಒಂದು ಕಿಲೋ ಉಳಿದರೆ ಜುಲೈಯಲ್ಲಿ ಹೇಗೂ ಮಾರುತ್ತದೆ. ತಿಂಗಳು ಇಟ್ಟುಕೊಂಡದ್ದಕ್ಕೆ 3 ರೂಪಾಯಿ, ಅಷ್ಟೇ. ಕಡಿಮೆ ಬಿದ್ದಾಗಿನ ನಷ್ಟವನ್ನು ಎರಡೂ ನಷ್ಟದ ಮೊತ್ತದಿಂದ, ಅಂದರೆ 20ನ್ನು 23ರಿಂದ ಭಾಗಿಸಿ, ನೂರಕ್ಕೆ 87 ಬರುತ್ತದೆ. ನೂರು ವರ್ಷದಲ್ಲಿ 87 ವರ್ಷಕ್ಕೆ ಸಾಲುವಷ್ಟು ತರಿಸಬೇಕು. ಕೈ ಬಿಚ್ಚಿ ತರಿಸಬಹುದು.

ಜುಲೈಯ ಕೊನೆಯ ಲೋಡಿಗೆ ಇದೇ ಲೆಕ್ಕ ತಿರುಗಿಬೀಳುತ್ತದೆ. ಆಗ ಉಳಿದದ್ದು ಮುಂದಿನ ಮೇವರೆಗೆ, ಹತ್ತು ತಿಂಗಳು ಕೂರುತ್ತದೆ. ಕಿಲೋಗೆ 30 ರೂಪಾಯಿ. 20ನ್ನು 50ರಿಂದ ಭಾಗಿಸಿದರೆ ನೂರಕ್ಕೆ 40. ಅಂದರೆ ಸಾಮಾನ್ಯವಾಗಿ ಹೋಗುವುದಕ್ಕಿಂತ ಸ್ವಲ್ಪ ಕಡಿಮೆಯೇ ತರಿಸಬೇಕು. ಅದೇ ಸರಕು, ಅದೇ ಅಂಗಡಿ, ಎರಡು ತಿಂಗಳಲ್ಲಿ ಎರಡು ಬುದ್ಧಿ. ಮೈಲುತುತ್ತು ಕೆಡುವುದಿಲ್ಲ ಎಂಬ ಕಾರಣಕ್ಕೆ 30ರಲ್ಲಿ ಮುಗಿಯಿತು. ಸುಣ್ಣಕ್ಕೆ ಈ ಲೆಕ್ಕ ಹಾಕಬೇಡಿ. ಗಾಳಿ, ತೇವ ತಾಗಿ ಅದರ ಸತ್ವ ಹೋಗುತ್ತದೆ. ಉಳಿದರೆ ಅಸಲೇ ಹೋಯಿತು.

ಇನ್ನು ಬರವಣಿಗೆ. "ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ" ಎಂದು ಶುರುವಾಗುವ ಮೊದಲ ಪುಟ ಪೂರ್ತಿ ಬೇಡ. ಮೇ ಕೊನೆಯ ಒಂದು ಬೆಳಿಗ್ಗೆಯಿಂದ, ಅಂಗಡಿಯಲ್ಲಿ ಕೊನೆಯ ಗೋಣಿ ಬಿಚ್ಚುವ ಹೊತ್ತಿನಿಂದ ಶುರುಮಾಡಿ. "ದಾಸ್ತಾನು ನಿರ್ವಹಣಾ ವೆಚ್ಚ" ಅಂತ ಹನ್ನೊಂದು ಸಲ ಬಂದಿದೆ. ಮಾವ ಅದಕ್ಕೆ ಏನನ್ನುತ್ತಾರೋ ಅದನ್ನೇ ಬರೆಯಿರಿ.

ಮತ್ತೆ ಕಳಿಸುವ ಮೊದಲು ಒಂದು ಕೆಲಸ ಇದೆ. ಮೂರು ವರ್ಷದ ಬಿಲ್ ಪುಸ್ತಕ ತೆಗೆದು, ಮೇ 15ರಿಂದ ಜುಲೈ 31ರವರೆಗೆ ವಾರ ವಾರ ಎಷ್ಟು ಕಿಲೋ ಹೋಯಿತು ಅಂತ ಬರೆದುಕೊಳ್ಳಿ. ಸ್ಟಾಕ್ ಇಲ್ಲದೆ ಜನ ವಾಪಸ್ ಹೋದದ್ದು ಬಿಲ್ಲಿನಲ್ಲಿ ಇರುವುದಿಲ್ಲ, ಅದನ್ನು ಮಾವನ ಹತ್ತಿರವೇ ಕೇಳಬೇಕು. ಆರು ಪುಟ ಬೇಡ, ಮೂರು ಸಾಕು. ಆ ಪಟ್ಟಿಯನ್ನೂ ಜೊತೆಗಿಟ್ಟು ಕಳಿಸಿ.