ಶಾಲೆ ಹತ್ತಿರ, ಬಸ್ಸಿನ ದಾರಿ ದೂರ

ಪ್ರಶ್ನೆ: ಎರಡನೇ ತರಗತಿಯ ಮಗಳು ವಿದ್ಯಾನಗರದ ನಮ್ಮ ಮನೆ ಹತ್ತಿರ ಬೆಳಿಗ್ಗೆ 7.05ಕ್ಕೆ ಸ್ಕೂಲ್ ಬಸ್ ಹತ್ತುತ್ತಾಳೆ. ಬಸ್ಸು ಊರೆಲ್ಲ ಸುತ್ತಿ, ಮತ್ತೆ ನಮ್ಮ ಕಡೆಯ ವಿದ್ಯಾರ್ಥಿ ಭವನ ಸರ್ಕಲ್ ದಾಟಿ ಹದಡಿ ರಸ್ತೆಯ ಶಾಲೆಗೆ ಮುಟ್ಟುವಾಗ 8.15. ಡ್ರೈವರಣ್ಣನಿಗೆ ಹೇಳಿ ಸಾಕಾಯಿತು. ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್‌ಗೆ ಹೇಗೆ ಬರೆಯಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಡ್ರೈವರನ್ನು ಬಿಟ್ಟುಬಿಡಿ. ರೂಟ್ ಶೀಟಿನಲ್ಲಿ ಇಲ್ಲದ ಕಡೆ ಬಸ್ ನಿಲ್ಲಿಸಿದರೆ ಬೈಸಿಕೊಳ್ಳುವವರು ಅವರೇ.

ಇಂಥ ಪತ್ರಗಳಲ್ಲಿ ಹೆಚ್ಚಿನವು ‘ಬಸ್ಸು ನಮ್ಮ ಕಡೆ ಬರಲಿ’ ಎನ್ನುತ್ತವೆ. ಹಾಗೆ ಒಂದು ತಿರುವು ಸೇರಿದರೆ ಒಳಗೆ ಕೂತ ಮಕ್ಕಳಿಗೆಲ್ಲ ತಡ, ಆದ್ದರಿಂದ ‘ಆಗಲ್ಲ’ ಎಂಬ ಉತ್ತರವೇ ಬರುತ್ತದೆ. ನಿಮ್ಮದು ಹಾಗಲ್ಲ. ಬಸ್ಸು ಹೇಗೂ ನಿಮ್ಮ ಸಮೀಪಕ್ಕೇ ಮರಳುತ್ತದೆ. ಕೇಳಬೇಕಾದದ್ದು ದಾರಿಯ ಬದಲಾವಣೆ ಅಲ್ಲ, ಮಗು ಹತ್ತುವ ಸರದಿಯ ಬದಲಾವಣೆ.

ಮೊದಲು ಐದು ದಿನ ಬಸ್ಸು ಆ ಸರ್ಕಲ್ ದಾಟುವ ಸಮಯ ಬರೆದಿಡಿ. 7.50ರ ಆಸುಪಾಸು ಎಂದಿಟ್ಟುಕೊಂಡರೆ ಪತ್ರ ಹೀಗಿರಲಿ:

*ಮಾನ್ಯರೇ,*
*ವಿಷಯ: ಬಸ್ ಹತ್ತುವ ಸ್ಥಳ ಬದಲಿಸುವ ಬಗ್ಗೆ.*
*ಎರಡನೇ ತರಗತಿಯ ನನ್ನ ಮಗಳು 7.05ಕ್ಕೆ ಬಸ್ ಹತ್ತಿ 8.15ಕ್ಕೆ ಶಾಲೆ ತಲುಪುತ್ತಾಳೆ. ಅದೇ ಬಸ್ಸು ಸುಮಾರು 7.50ಕ್ಕೆ ವಿದ್ಯಾರ್ಥಿ ಭವನ ಸರ್ಕಲ್ ದಾಟುತ್ತದೆ. ಐದು ದಿನದ ಸಮಯ ಲಗತ್ತಿಸಿದ್ದೇನೆ. ಸರ್ಕಲ್ ದಾಟಿದ ಮೇಲೆ, ಹದಡಿ ರಸ್ತೆಯ ಎಡಬದಿಯಲ್ಲಿ ಅವಳನ್ನು ಹತ್ತಿಸಿಕೊಳ್ಳಬೇಕೆಂದು ಕೋರುತ್ತೇನೆ. ಪ್ರಯಾಣ 70 ನಿಮಿಷದಿಂದ 25ಕ್ಕೆ ಇಳಿಯುತ್ತದೆ. ಈಗಿನ ಸೀಟನ್ನೇ ಉಳಿಸಿಕೊಡಿ. ಸಂಜೆಯೂ ಅಲ್ಲೇ ಇಳಿಸಿದರೆ ನಾನೇ ಬಂದು ಕರೆದುಕೊಳ್ಳುತ್ತೇನೆ. ಎರಡು ವಾರ ಪ್ರಯೋಗವಾಗಿ ನೋಡಬಹುದು.*

ಹೆಸರು, ತರಗತಿ, ಬಸ್ ನಂಬರ್, ಮೊಬೈಲ್ ನಂಬರ್ ಮರೆಯಬೇಡಿ. ಒಂದು ಪ್ರತಿಗೆ ‘ಸ್ವೀಕರಿಸಲಾಗಿದೆ’ ಎಂದು ಸಹಿ ಹಾಕಿಸಿಕೊಳ್ಳಿ.

ಸರ್ಕಲ್‌ನಲ್ಲೇ ನಿಲ್ಲಿಸಿ ಎಂದು ಬರೆಯಬೇಡಿ. ಹಿಂದಿನಿಂದ ಗಾಡಿಗಳು ನುಗ್ಗುವ ಕಡೆ ಯಾವ ಇನ್‌ಚಾರ್ಜ್ ಒಪ್ಪುತ್ತಾರೆ? ಬಸ್ಸು ಪಕ್ಕಕ್ಕೆ ಸರಿದು ನಿಲ್ಲುವಷ್ಟು ಜಾಗವಿರುವ ಅಂಗಡಿಯನ್ನೋ ಗೇಟನ್ನೋ ಗುರುತಿಸಿ ಬರೆಯಿರಿ. ಸಂಜೆ ಬಸ್ಸು ಎದುರು ದಿಕ್ಕಿನಿಂದ ಬರುವುದರಿಂದ ಮಗು ಇಳಿಯುವುದು ರಸ್ತೆಯ ಆಚೆ ಬದಿಗೆ. ನೀವು ಆ ಬದಿಯಲ್ಲೇ ಮೊದಲೇ ನಿಂತಿರಬೇಕು, ಅವಳು ಒಬ್ಬಳೇ ರಸ್ತೆ ದಾಟುವಂತಾಗಬಾರದು.

ಒಂದು ತೊಂದರೆಗೆ ಮಾತ್ರ ಸಿದ್ಧರಿರಿ. ಮೊದಲ ಸ್ಟಾಪಿಗೆ ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ, ಕೊನೆಯ ಸ್ಟಾಪುಗಳಿಗೆ ಹಾಗಲ್ಲ. ಊರೊಳಗಿನ ಟ್ರಾಫಿಕ್ಕಿನ ತಡವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಒಂದು ದಿನ 7.44, ಇನ್ನೊಂದು ದಿನ 7.58. ನಿಮ್ಮ ಐದು ದಿನದ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೇಗ ಬಂದ ಸಮಯಕ್ಕೂ ಐದು ನಿಮಿಷ ಮುಂಚೆ ಅಲ್ಲಿರಿ.