ಓರೆ ಫೋಟೋದ ಆರ್‌ಎಫ್ ನಂಬಬೇಡಿ

"ಟಿಎಲ್‌ಸಿ ಪ್ಲೇಟಿನ ಫೋಟೋದಿಂದ ಆರ್‌ಎಫ್ ಲೆಕ್ಕ ಹಾಕೋದು ಹೇಗೆ ಅಂತ ಲೇಖನ ಬರೆದಿದ್ದೇನೆ. ನನ್ನ ಚುಕ್ಕೆಗೆ 0.549 ಬಂತು. ಪ್ರಕಟಿಸಬಹುದಾ?"

ನಮಸ್ಕಾರ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ವಿವರಣೆ ಚೆನ್ನಾಗಿದೆ, ಉತ್ತರವೇ ತಪ್ಪಾಗಿದೆ.

ಟಿಎಲ್‌ಸಿ, ಅಂದರೆ ತೆಳುಪದರ ಕ್ರೊಮಟೋಗ್ರಫಿಯಲ್ಲಿ, ದ್ರಾವಕ ಪ್ಲೇಟಿನ ಮೇಲೆ ಏರುತ್ತಾ ಸ್ಯಾಂಪಲ್ಲಿನ ಚುಕ್ಕೆಯನ್ನೂ ಮೇಲಕ್ಕೆ ಒಯ್ಯುತ್ತದೆ. ಚುಕ್ಕೆ ಸಾಗಿದ ದೂರವನ್ನು ದ್ರಾವಕ ಸಾಗಿದ ದೂರದಿಂದ ಭಾಗಿಸಿದರೆ ಸಿಗುವುದೇ ಆರ್‌ಎಫ್. ನಿಮ್ಮ ಫೋಟೋವನ್ನೇ ತೆರೆದು ಅಳೆದೆ. ಪಿಕ್ಸೆಲ್ ಎಣಿಕೆ ಮೇಲಿನಿಂದ ಶುರುವಾಗುತ್ತದೆ. ದ್ರಾವಕ ಏರಿ ನಿಂತ ಗೆರೆ 440ರಲ್ಲಿದೆ, ಚುಕ್ಕೆಯ ನಡುಭಾಗ 1170ರಲ್ಲಿ, ಸ್ಯಾಂಪಲ್ ಇಟ್ಟ ಪೆನ್ಸಿಲ್ ಗೆರೆ 1840ರಲ್ಲಿ, ಪ್ಲೇಟಿನ ಕೆಳ ಅಂಚು 2060ರಲ್ಲಿ. ನೀವು ಕೆಳ ಅಂಚಿನಿಂದ ಅಳೆದಿದ್ದೀರಿ. 890ನ್ನು 1620ರಿಂದ ಭಾಗಿಸಿದರೆ ನಿಮ್ಮ 0.549 ಸಿಗುತ್ತದೆ. ಆದರೆ ಚುಕ್ಕೆ ಹೊರಟಿದ್ದು ಪೆನ್ಸಿಲ್ ಗೆರೆಯಿಂದ ಅಲ್ವಾ? ಎರಡು ದೂರವನ್ನೂ ಅಲ್ಲಿಂದಲೇ ಅಳೆಯಬೇಕು. ಆಗ 670 ಭಾಗ 1400, ಅಂದರೆ 0.48.

ಇದೂ ಸರಿಯಲ್ಲ. ನಿಮ್ಮ ಲೇಖನದಲ್ಲಿ ಸುಳಿವೇ ಇಲ್ಲದ ವಿಷಯ ಇಲ್ಲಿದೆ. ಫೋಟೋದಲ್ಲಿ ಪ್ಲೇಟಿನ ಅಗಲವನ್ನು ಎರಡು ಕಡೆ ಅಳೆದು ನೋಡಿ. ಪೆನ್ಸಿಲ್ ಗೆರೆಯ ಹತ್ತಿರ 800 ಪಿಕ್ಸೆಲ್, ದ್ರಾವಕದ ಗೆರೆಯ ಹತ್ತಿರ 720. ನಿಜವಾದ ಪ್ಲೇಟು ಮೇಲೆ ಕಿರಿದಾಗಿರುವುದಿಲ್ಲ. ಫೋನು ಓರೆಯಾಗಿತ್ತು, ಮೇಲಿನ ತುದಿ ದೂರದಲ್ಲಿತ್ತು. ದೂರದ ಭಾಗ ಉದ್ದದಲ್ಲೂ ಕುಗ್ಗುತ್ತದೆ. ಚುಕ್ಕೆಯಿಂದ ಮೇಲಿನ ದೂರ ಜಾಸ್ತಿ ಕುಗ್ಗಿದ್ದರಿಂದ ಚುಕ್ಕೆ ಇರುವುದಕ್ಕಿಂತ ಮೇಲೆ ಹೋದಂತೆ ಕಾಣುತ್ತದೆ. ಆ ಓರೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ ಸುಮಾರು 0.45. ನಡುಭಾಗದ ಚುಕ್ಕೆಗಳಿಗೆ ಈ ಪೆಟ್ಟು ಜಾಸ್ತಿ, ಎರಡು ತುದಿಯ ಹತ್ತಿರ ಇರುವವಕ್ಕೆ ಕಡಿಮೆ.

ಇದಕ್ಕೆ ದೊಡ್ಡ ಗಣಿತ ಬೇಡ. ಫೋನನ್ನು ಪ್ಲೇಟಿಗೆ ಸಮಾಂತರವಾಗಿ, ನೇರ ಮೇಲೆ ಹಿಡಿದು ಮತ್ತೆ ಫೋಟೋ ತೆಗೆಯಿರಿ. ಪ್ಲೇಟು ಈಗ ಕೈಯಲ್ಲಿಲ್ಲ ಅಂದರೆ, ಫೋಟೋ ತಿದ್ದುವ ತಂತ್ರಾಂಶದಲ್ಲಿ ಪರ್ಸ್‌ಪೆಕ್ಟಿವ್ ಆಯ್ಕೆ ಇರುತ್ತದೆ. ನಾಲ್ಕು ಮೂಲೆ ಎಳೆದು ಪ್ಲೇಟನ್ನು ಆಯತ ಮಾಡಿ, ಆಮೇಲೆ ಅಳೆಯಿರಿ. ಆಯತದ ಉದ್ದ ಎಷ್ಟೇ ಬಂದರೂ ತೊಂದರೆಯಿಲ್ಲ. ನಮಗೆ ಬೇಕಾಗಿರುವುದು ಒಂದೇ ದಿಕ್ಕಿನ ಎರಡು ದೂರಗಳ ಅನುಪಾತ. ಪಿಕ್ಸೆಲ್ಲನ್ನು ಮಿಲಿಮೀಟರಿಗೆ ತಿರುಗಿಸುವ ನಿಮ್ಮ ಇಡೀ ಪುಟವನ್ನು ತೆಗೆದುಹಾಕಬಹುದು.

ಮೂರನೇ ದಶಮಾಂಶವನ್ನೂ ಬಿಡಿ. ಚುಕ್ಕೆಯೇ 60 ಪಿಕ್ಸೆಲ್ ಎತ್ತರ ಇದೆ. ಅದರ ನಡುವನ್ನು 10 ಪಿಕ್ಸೆಲ್ ಆಚೀಚೆ ಗುರುತಿಸಿದರೂ ಉತ್ತರ 0.007ರಷ್ಟು ಬದಲಾಗುತ್ತದೆ. ಎರಡು ಅಂಕಿ ಸಾಕು. ಜೊತೆಗೆ ಯಾವ ದ್ರಾವಕ, ಯಾವ ಅನುಪಾತ, ಯಾವ ಪ್ಲೇಟು ಅಂತ ಬರೆಯಿರಿ. ಅದಿಲ್ಲದೆ ನಿಮ್ಮ 0.45ನ್ನು ಬೇರೆಯವರು ತಮ್ಮ ಪ್ಲೇಟಿನ ಜೊತೆ ಹೋಲಿಸಲು ಆಗುವುದಿಲ್ಲ.

ದ್ರಾವಕದ ಗೆರೆ ಬಾಗಿರುವ ಪ್ಲೇಟಿನ ಬಗ್ಗೆಯೂ ಒಂದು ಪ್ಯಾರಾ ಸೇರಿಸಿ. ಅಂಥ ಕಡೆ ಪ್ರತಿ ಚುಕ್ಕೆಯ ನೇರ ಮೇಲೆ ಗೆರೆ ಎಲ್ಲಿದೆಯೋ ಅಲ್ಲಿಗೆ ಅಳೆಯಬೇಕು. ತಿದ್ದಿದ ಲೇಖನದ ಜೊತೆ ಹೊಸ ಫೋಟೋವನ್ನೂ ಕಳಿಸಿ, ನಾನೇ ಅಳೆದು ನೋಡುತ್ತೇನೆ.